ಭಾನುವಾರದ ಬೆಟ್ಟದ ಚಾರಣ: ಬರುವವರೆಲ್ಲ ಪೂರ್ತಿ ಓದಿ

ಎಲ್ಲರಿಗೂ ನಮಸ್ಕಾರ.

ಡಿಸೆಂಬರ್ 7, ಭಾನುವಾರದ ಚಾರಣಕ್ಕೆ 24 ಜನ ಹೆಸರು ಕೊಟ್ಟಿದ್ದೀರಿ. ಎಲ್ಲರಿಗಿಂತ ಚಿಕ್ಕವರಿಗೆ 9 ವರ್ಷ, ಹಿರಿಯರಿಗೆ 68. ಹೆಚ್ಚಿನವರಿಗೆ ಒಬ್ಬರಿಗೊಬ್ಬರ ಪರಿಚಯ ಇಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ಮಕ್ಕಳನ್ನು ಕರೆತರುವವರು ಅವರಿಗೂ ಓದಿ ಹೇಳಿ.

ದಾರಿ ಹತ್ತಲು 5 ಕಿ.ಮೀ., ಇಳಿಯಲು ಅಷ್ಟೇ. ಒಟ್ಟು ಏರು 450 ಮೀಟರ್. ತೊರೆಯವರೆಗಿನ 2 ಕಿ.ಮೀ. ಮರಗಳ ನೆರಳು, ಏರು ಕಡಿಮೆ. ಆಮೇಲೆ ಕಡಿದಾಗುತ್ತದೆ. ಕೊನೆಯ 1 ಕಿ.ಮೀ. ಬರೀ ಬಂಡೆ, ನೆರಳೇ ಇಲ್ಲ. ಚುರುಕಾಗಿ ನಡೆಯುವವರು ಎರಡು ಗಂಟೆಯೊಳಗೆ ತುದಿ ಸೇರಬಹುದು. ನಾವು ಮೂರೂಕಾಲು ಗಂಟೆ ಇಟ್ಟುಕೊಂಡಿದ್ದೇವೆ. ಎಲ್ಲರಿಗಿಂತ ನಿಧಾನ ನಡೆಯುವವರ ನಡಿಗೆಯೇ ಈ ಗುಂಪಿನ ನಡಿಗೆ. ಇದಕ್ಕೆ ಮನಸ್ಸು ಒಪ್ಪದಿದ್ದರೆ ಈ ಸಲ ಬರಬೇಡಿ, ಬೇಜಾರಿಲ್ಲ.

ದಿನದ ವೇಳೆ

6:15 – ಬೆಟ್ಟದ ಬುಡದ ಪಾರ್ಕಿಂಗ್ ಜಾಗದಲ್ಲಿ ಸೇರುವುದು, ಪರಿಚಯ, ತಲೆ ಎಣಿಕೆ
6:45 – ಹೊರಡುವುದು
7:45 – ತೊರೆ. ತಿಂಡಿಗೆ ಅರ್ಧ ಗಂಟೆ
10:00 – ತುದಿ
11:00 – ಇಳಿಯಲು ಶುರು
1:30 – ಬುಡದಲ್ಲಿ ಮತ್ತೆ ಎಣಿಕೆ, ಊಟ

10:30 ಆದ ಮೇಲೆ ಯಾರೂ ಮೇಲಕ್ಕೆ ಹತ್ತುವಂತಿಲ್ಲ. ತುದಿ ಕಣ್ಣೆದುರೇ ಇದ್ದರೂ ಅಲ್ಲಿಂದಲೇ ವಾಪಸ್. ಇಳಿಯುವಾಗ ಕಾಲು ಸೋತಿರುತ್ತದೆ, ಮಂಡಿಯ ಮೇಲೆ ಭಾರ ಜಾಸ್ತಿ. ಆಗ ಅವಸರ ಮಾಡುವಂತೆ ಆಗಬಾರದು. ತೊರೆಯವರೆಗೆ ಮಾತ್ರ ಬರುತ್ತೇನೆ ಅನ್ನುವವರಿಗೂ ಸ್ವಾಗತ. ನಮ್ಮಲ್ಲೊಬ್ಬರು ಅಲ್ಲೇ ಜೊತೆಗೆ ಇರುತ್ತಾರೆ.

ಏನೇನು ತರಬೇಕು

ನೀರು ಮೊದಲು. ದೊಡ್ಡವರಿಗೆ ಎರಡೂವರೆ ಲೀಟರ್, ಮಕ್ಕಳಿಗೆ ಒಂದೂವರೆ. ದಾರಿಯಲ್ಲಿ ಕುಡಿಯುವ ನೀರು ಸಿಗುವುದಿಲ್ಲ, ತೊರೆಯ ನೀರನ್ನು ಹಾಗೇ ಕುಡಿಯಬೇಡಿ. ಬಾಯಾರಿದ ಮೇಲೆ ಗಟಗಟ ಕುಡಿಯುವುದಕ್ಕಿಂತ ಆಗಾಗ ಗುಟುಕು ಗುಟುಕಾಗಿ ಕುಡಿಯಿರಿ. ಓಆರ್‌ಎಸ್ ಪ್ಯಾಕೆಟ್ ಇದ್ದರೆ ಒಂದೆರಡು ಇಟ್ಟುಕೊಳ್ಳಿ. ಎಷ್ಟು ನೀರಿಗೆ ಅಂತ ಅದರ ಮೇಲೆ ಬರೆದಿರುತ್ತದಲ್ಲ, ಅಷ್ಟಕ್ಕೇ ಬೆರೆಸಿ.

ಶೂ ಹಿಡಿತ ಇರುವಂಥದ್ದು, ಈಗಾಗಲೇ ಹಾಕಿ ಅಭ್ಯಾಸ ಆಗಿರುವಂಥದ್ದು. ಅಂಗಡಿಯಿಂದ ತಂದ ಹೊಸ ಶೂ ಅವತ್ತೇ ಹಾಕಿದರೆ ಗುಳ್ಳೆ ಏಳುತ್ತದೆ. ಚಪ್ಪಲಿಯಲ್ಲಿ ಬಂದವರನ್ನು ಕರೆದೊಯ್ಯುವುದಿಲ್ಲ. ತುಂಬುತೋಳಿನ ಅಂಗಿ, ಬೇಗ ಒಣಗುವ ಪ್ಯಾಂಟ್, ಟೋಪಿ, ತೆಳುವಾದ ರೇನ್‌ಕೋಟ್, ಒಂದು ಜೊತೆ ಸಾಕ್ಸ್ ಹೆಚ್ಚಿಗೆ. ತಿಂಡಿ, ಊಟ ನಿಮ್ಮದೇ. ಟಾರ್ಚ್, ಸೀಟಿ, ಪೂರ್ತಿ ಚಾರ್ಜ್ ಆದ ಫೋನ್, ಕಸಕ್ಕೆ ಒಂದು ಚೀಲ. ದಿನಾ ತೆಗೆದುಕೊಳ್ಳುವ ಮಾತ್ರೆ, ಇನ್‌ಹೇಲರ್ ನಿಮ್ಮ ಬ್ಯಾಗಿನಲ್ಲೇ ಇರಲಿ, ಕಾರಿನಲ್ಲಿ ಬಿಡಬೇಡಿ. ಬ್ಯಾಗ್ ಎರಡೂ ಹೆಗಲಿಗೆ ಹಾಕುವಂಥದ್ದೇ ಆಗಿರಲಿ, ಕೈ ಖಾಲಿ ಇರಬೇಕು.

ಸುರಕ್ಷತೆಯ ನಿಯಮಗಳು

ಮುಂದೆ ನಾನಿರುತ್ತೇನೆ. ಕೊನೆಯಲ್ಲಿ ದಾರಿ ಗೊತ್ತಿರುವ ಇನ್ನೊಬ್ಬರು ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡಿರುತ್ತಾರೆ. ನನ್ನನ್ನು ದಾಟಿ ಹೋಗಬೇಡಿ, ಅವರಿಗಿಂತ ಹಿಂದೆ ಉಳಿಯಬೇಡಿ. ದಾರಿ ಕವಲಾಗುವ ಕಡೆಯಲ್ಲೆಲ್ಲ ಕೊನೆಯವರು ಬರುವ ತನಕ ನಿಲ್ಲುತ್ತೇವೆ. ಹಿಂದಿದ್ದವರು ಬಂದು ಸೇರಿದ ತಕ್ಷಣ ಹೊರಟುಬಿಡುವುದಿಲ್ಲ. ಅವರಿಗೂ ಉಸಿರು ತೆಗೆದುಕೊಳ್ಳಲು ಐದು ನಿಮಿಷ ಬೇಕಲ್ವಾ?

16 ವರ್ಷದೊಳಗಿನವರ ಜೊತೆ ಮನೆಯ ದೊಡ್ಡವರೊಬ್ಬರು ಇರಲೇಬೇಕು. ಮೂತ್ರಕ್ಕೆ ಪಕ್ಕಕ್ಕೆ ಹೋಗುವಾಗಲೂ ಒಬ್ಬರಿಗೆ ಹೇಳಿ, ಬ್ಯಾಗನ್ನು ದಾರಿಯ ಮೇಲೆ ಕಾಣುವಂತೆ ಇಡಿ. ಗುಂಪು ಕಣ್ತಪ್ಪಿದರೆ ಹುಡುಕಿಕೊಂಡು ಅಲೆಯಬೇಡಿ. ಇದ್ದಲ್ಲೇ ನಿಂತು ಒಂದು ನಿಮಿಷದಲ್ಲಿ ಆರು ಸಲ ಸೀಟಿ ಊದಿ. ಒಂದು ನಿಮಿಷ ಬಿಟ್ಟು ಮತ್ತೆ ಊದಿ. ನಾವು ಮೂರು ಸಲ ಊದಿ ಉತ್ತರ ಕೊಡುತ್ತೇವೆ. ಸುಮ್ನೆ ಆಟಕ್ಕೆ ಸೀಟಿ ಬೇಡ, ಮಕ್ಕಳಿಗೆ ಇದನ್ನು ಮುಖ್ಯವಾಗಿ ಹೇಳಿ.

ತಲೆಸುತ್ತು, ವಾಕರಿಕೆ, ಎದೆಯಲ್ಲಿ ಬಿಗಿತ ಅನಿಸಿದರೆ ಆ ಕ್ಷಣವೇ ಹೇಳಿ. ಎಲ್ಲರಿಗೂ ತೊಂದರೆ ಯಾಕೆ ಅಂತ ತಡೆದುಕೊಳ್ಳಬೇಡಿ. ಬಂಡೆಯ ಅಂಚಿನಲ್ಲಿ ಸೆಲ್ಫಿ ಇಲ್ಲ. ಪೊದೆಗೆ, ಕಲ್ಲಿನ ಸಂದಿಗೆ ಕೈ ಹಾಕಬೇಡಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡಿಸದೆ ಆಸ್ಪತ್ರೆಗೆ ಸಾಗಿಸುತ್ತೇವೆ. ಜೇನುಗೂಡು ಇರಬಹುದು, ಹಾಗಾಗಿ ಸೆಂಟ್, ಸಿಗರೇಟು, ಜೋರು ಹಾಡು ಬೇಡ. ಮದ್ಯ ಕುಡಿದು ಬಂದವರಿಗೆ ಪ್ರವೇಶ ಇಲ್ಲ.

ಪರಿಚಯ ಇಲ್ಲದವರ ಫೋಟೊ ತೆಗೆಯುವ ಮೊದಲು ಕೇಳಿ. ಮಕ್ಕಳದ್ದಾದರೆ ಅವರ ಮನೆಯವರನ್ನು ಕೇಳಿ.

ಶುಕ್ರವಾರ ರಾತ್ರಿ 8ರೊಳಗೆ ಈ ನಂಬರಿಗೆ ಪ್ರತ್ಯೇಕವಾಗಿ ಮೆಸೇಜ್ ಕಳಿಸಿ: ನಿಮ್ಮ ವಯಸ್ಸು, ತುರ್ತಿಗೆ ಕರೆಯಬೇಕಾದವರ ನಂಬರ್, ಬಿಪಿ, ಸಕ್ಕರೆ ಕಾಯಿಲೆ, ಅಸ್ತಮಾ, ಅಲರ್ಜಿ, ಇತ್ತೀಚಿನ ಆಪರೇಷನ್ ಇದ್ದರೆ ಅದು. ನನ್ನ ಮತ್ತು ಕೊನೆಯಲ್ಲಿ ನಡೆಯುವವರ ಹತ್ತಿರ ಬಿಟ್ಟರೆ ಇದು ಬೇರೆ ಯಾರಿಗೂ ಹೋಗುವುದಿಲ್ಲ. ಮಳೆ ಬಂದರೆ ಬಂಡೆ ಜಾರುತ್ತದೆ, ಚಾರಣ ಮುಂದಕ್ಕೆ ಹೋಗುತ್ತದೆ. ಶನಿವಾರ ಸಂಜೆ 6ಕ್ಕೆ ಖಚಿತವಾಗಿ ತಿಳಿಸುತ್ತೇನೆ.