ಬೆರಕೆ ಯಾವ ಮಟ್ಟದ್ದು?

ಸಾಂಸ್ಕೃತಿಕ ಜಾಗತೀಕರಣದ ಮಾತು ಬಂದಾಗಲೆಲ್ಲ ವಾದ ಎರಡಾಗಿ ಒಡೆಯುತ್ತದೆ. ಜಗತ್ತೆಲ್ಲ ಒಂದೇ ಥರ ಆಗುತ್ತಿದೆ ಎನ್ನುವವರು ಏಕರೂಪೀಕರಣದ ಕಡೆ. ಬಂದದ್ದನ್ನು ಜನ ತಮ್ಮದರ ಜೊತೆ ಬೆರೆಸಿ ಹೊಸದು ಮಾಡಿಕೊಳ್ಳುತ್ತಾರೆ ಎನ್ನುವವರು ಸಂಕರೀಕರಣದ ಕಡೆ. ಉದಾಹರಣೆಗೆ ಇಬ್ಬರಿಗೂ ಬರವಿಲ್ಲ. ಯಾಕೆಂದರೆ ಇಬ್ಬರೂ ನೋಡುತ್ತಿರುವುದು ಬೇರೆ ಬೇರೆ ಮಟ್ಟವನ್ನು: ಒಬ್ಬರು ಚೌಕಟ್ಟನ್ನು, ಇನ್ನೊಬ್ಬರು ಅದರೊಳಗೆ ತುಂಬಿದ್ದನ್ನು.

ಅಮೆರಿಕದ ಸಮಾಜಶಾಸ್ತ್ರಜ್ಞ ಜಾರ್ಜ್ ರಿಟ್ಜರ್ 1993ರ ಪುಸ್ತಕದಲ್ಲಿ ಬರೆದ ‘ಮ್ಯಾಕ್‌ಡೊನಾಲ್ಡೀಕರಣ’ ಮ್ಯಾಕ್‌ಡೊನಾಲ್ಡ್ಸ್ ಹೋಟೆಲಿನ ಬರ್ಗರ್ ಬಗ್ಗೆ ಅಲ್ಲ, ಕೆಲಸ ನಡೆಯುವ ಕ್ರಮದ ಬಗ್ಗೆ. ಎಲ್ಲಕ್ಕೂ ಅಳತೆ, ಎಲ್ಲವೂ ಬೇಗ, ಎಲ್ಲೇ ಹೋದರೂ ಅದೇ ಅನುಭವ. ಇದಕ್ಕೆ ಉತ್ತರವಾಗಿ, ಜಪಾನಿನಲ್ಲಿ ತೆರಿಯಾಕಿ ಬರ್ಗರ್ ಇದೆ, ಭಾರತದಲ್ಲಿ ದನದ ಮಾಂಸವೇ ಇಲ್ಲ ಎಂದು ಮ್ಯಾಕ್‌ಡೊನಾಲ್ಡ್ಸ್‌ನ ಮೆನು ತೋರಿಸಿದರೆ ಸಾಲದು. ಮೆನು ಬದಲಾಯಿತು, ಕೌಂಟರ್ ಮುಂದಿನ ಕ್ಯೂ ಹಾಗೇ ಇದೆ, ಅಲ್ವಾ? ಹಾಂಗ್‌ಕಾಂಗ್‌ನ ಮಕ್ಕಳು ಶಾಲೆ ಬಿಟ್ಟ ಮೇಲೆ ಮ್ಯಾಕ್‌ಡೊನಾಲ್ಡ್ಸ್‌ನಲ್ಲೇ ಗಂಟೆಗಟ್ಟಲೆ ಕೂತು ಓದುತ್ತಿದ್ದದ್ದು ಇದಕ್ಕಿಂತ ಗಟ್ಟಿ ಉತ್ತರ. ಬೇಗ ತಿಂದು ಎದ್ದುಹೋಗಲೆಂದು ಮಾಡಿದ ಜಾಗವನ್ನು ಅವರು ಓದುವ ಕೋಣೆ ಮಾಡಿಕೊಂಡರು.

ಟಿವಿಯ ಹಾಡಿನ ಸ್ಪರ್ಧೆ ನೋಡಿ. 2001ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ‘ಪಾಪ್ ಐಡಲ್’ನ ಮಾದರಿ ಹತ್ತಾರು ದೇಶಗಳಿಗೆ ಮಾರಾಟವಾಯಿತು. ಭಾಷೆ, ಹಾಡು, ಕಣ್ಣೀರು ಎಲ್ಲ ಆಯಾ ದೇಶದ್ದೇ. ಆದರೆ ಆಡಿಷನ್, ಸಾಲಾಗಿ ಕೂತ ತೀರ್ಪುಗಾರರು, ವಾರಕ್ಕೊಬ್ಬರು ಹೊರಗೆ, ಪ್ರೇಕ್ಷಕರ ವೋಟು ಎಲ್ಲ ಕಡೆ ಒಂದೇ. ಇಲ್ಲಿ ವೈವಿಧ್ಯ ಸುಳ್ಳಲ್ಲ, ಆದರೆ ಅದು ಬಾಡಿಗೆ ಚೌಕಟ್ಟಿನೊಳಗಿನ ವೈವಿಧ್ಯ. ಸಂಕರೀಕರಣವನ್ನು ಹೊಗಳುವವರು ಇದನ್ನು ಸುಮ್ನೆ ದಾಟಿಬಿಡುತ್ತಾರೆ.

ಏಕರೂಪೀಕರಣದವರದ್ದೂ ಒಂದು ತಪ್ಪಿದೆ. ಹೊರಗಿನದು ಬರುವ ಮೊದಲು ಎಲ್ಲವೂ ಶುದ್ಧವಾಗಿತ್ತು ಎಂದು ಅವರು ಹೇಳದೆಯೇ ಒಪ್ಪಿಕೊಂಡಿರುತ್ತಾರೆ. ಅಮೆರಿಕದ್ದೆಂದು ಜಗತ್ತು ಹಾಡುವ ಹಿಪ್‌ಹಾಪ್ 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹುಟ್ಟುವಾಗಲೇ ಬೆರಕೆ. ಅದಕ್ಕೆ ದಾರಿ ಹಾಕಿದ ಡಿಜೆ ಕೂಲ್ ಹರ್ಕ್ ಜಮೈಕಾದಿಂದ ವಲಸೆ ಬಂದವರು.

ಹಾಗಾದರೆ ಚೌಕಟ್ಟನ್ನೇ ಮುರಿದ ಬೆರಕೆ ಇಲ್ಲವೇ? ಇದೆ. ಪಪುವಾ ನ್ಯೂಗಿನಿಯ ಟ್ರೋಬ್ರಿಯಾಂಡ್ ದ್ವೀಪಗಳಿಗೆ ಕ್ರಿಕೆಟ್ ತಂದವರು ಮಿಷನರಿಗಳು, 20ನೇ ಶತಮಾನದ ಆರಂಭದಲ್ಲಿ. ಅಲ್ಲಿನವರು ಅದರಲ್ಲಿ ಜಾಸ್ತಿ ಏನನ್ನೂ ಉಳಿಸಲಿಲ್ಲ. ತಂಡಕ್ಕೆ ಹನ್ನೊಂದೇ ಜನ ಎಂಬ ನಿಯಮ ಹೋಯಿತು. ಚೆಂಡೆಸೆತ ಈಟಿ ಎಸೆದ ಹಾಗಾಯಿತು. ವಿಕೆಟ್ ಬಿದ್ದರೆ ತಂಡವಿಡೀ ಕುಣಿಯುತ್ತದೆ, ಕೊನೆಗೆ ಆತಿಥ್ಯ ಕೊಟ್ಟ ತಂಡವೇ ಗೆಲ್ಲಬೇಕು.

ಟಿವಿ ಸ್ಪರ್ಧೆಗೂ ಇದಕ್ಕೂ ಇರುವ ವ್ಯತ್ಯಾಸ ಜನರ ಜಾಣತನದ್ದಲ್ಲ. ಟ್ರೋಬ್ರಿಯಾಂಡಿನ ಕ್ರಿಕೆಟ್‌ಗೆ ಯಾರ ಲೈಸೆನ್ಸೂ ಬೇಕಿರಲಿಲ್ಲ. ಟಿವಿ ಮಾದರಿಗೆ ಒಡೆಯನಿದ್ದಾನೆ, ಕರಾರಿದೆ, ಯಾವುದನ್ನು ಬದಲಿಸಬಹುದು ಎಂಬುದೂ ಅದರಲ್ಲೇ ಬರೆದಿರುತ್ತದೆ.