ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ: ಜುಲೈ–ಆಗಸ್ಟ್‌ನ ಪ್ರಯೋಗಕ್ಕೆ ಒಪ್ಪಿಗೆ ಕೋರಿ

ಫೋರ್ಟ್, ಮುಂಬಯಿ
16 ಜೂನ್ 2025

ರಾವ್ ಸರ್ ಅವರಿಗೆ,

ನಮಸ್ಕಾರ. ಜುಲೈ 1ರಿಂದ ಆಗಸ್ಟ್ 28ರವರೆಗೆ ಮಂಗಳವಾರ ಮತ್ತು ಗುರುವಾರ ಡೊಂಬಿವಲಿಯ ಮನೆಯಿಂದ ಕೆಲಸ ಮಾಡಲು ನನಗೆ ಅನುಮತಿ ಕೊಡಬೇಕೆಂದು ಕೇಳಿಕೊಳ್ಳುತ್ತಿದ್ದೇನೆ. ಇದು ಕಾಯಂ ವ್ಯವಸ್ಥೆಗಾಗಿ ಕೇಳುತ್ತಿರುವುದಲ್ಲ, ಎರಡು ತಿಂಗಳ ಪರೀಕ್ಷೆ ಮಾತ್ರ. ಕೆಲಸ ಸುಧಾರಿಸಿತೋ ಕೆಟ್ಟಿತೋ ಎಂದು ಹೇಗೆ ಅಳೆಯುವುದು, ಯಾವಾಗ ನಿಲ್ಲಿಸುವುದು ಎಂಬುದನ್ನೂ ಕೆಳಗೆ ಬರೆದಿದ್ದೇನೆ. ಎದುರಿಗೆ ಕೂತು ಹೇಳಿದರೆ ಅರ್ಧ ಮರೆಯುತ್ತೇನೆ, ಅದಕ್ಕೇ ಈ ಪತ್ರ.

ಈ ಮಾತನ್ನು ಎತ್ತಲು ಕಾರಣ ನನ್ನ ಸುಸ್ತೊಂದೇ ಅಲ್ಲ. ಮೇ ತಿಂಗಳ 16ರಂದು ನಡೆದದ್ದು ಹೇಳುತ್ತೇನೆ. ಪಾತ್ರೆ ವ್ಯಾಪಾರದ ನಮ್ಮ ಕ್ಲೈಂಟ್ ಒಬ್ಬರ ಖರೀದಿ ಬಿಲ್ಲುಗಳನ್ನು 2ಬಿ ಜೊತೆ ತಾಳೆ ನೋಡುತ್ತಿದ್ದೆ. ನಮ್ಮ ಪುಸ್ತಕದಲ್ಲಿ ಬಿಲ್ ನಂಬರ್ 371, ಪೋರ್ಟಲ್‌ನಲ್ಲಿ 317. ಮೊತ್ತ ಒಂದೇ, ತಾರೀಖಿನಲ್ಲಿ ಒಂದು ದಿನದ ವ್ಯತ್ಯಾಸ. ಇವು ಎರಡು ಬೇರೆ ಬಿಲ್ಲುಗಳೋ, ಒಂದನ್ನೇ ತಪ್ಪಾಗಿ ಬರೆದದ್ದೋ ಎಂದು ನೋಡಲು ಹಿಂದಿನ ಮೂರು ತಿಂಗಳ ಬಿಲ್ಲುಗಳನ್ನು ಕ್ರಮವಾಗಿ ಓದಬೇಕು. ಇಪ್ಪತ್ತು ನಿಮಿಷದ ಕೆಲಸ. ನಾಲ್ಕು ಗಂಟೆಗೆ ಶುರು ಮಾಡಿದೆ. ಫೋನ್ ಬಂತು, ಚಲನ್ ಎಲ್ಲಿದೆ ಎಂದು ಒಬ್ಬರು ಕೇಳಿದರು, ಕೊರಿಯರ್‌ನವನಿಗೆ ಸಹಿ ಹಾಕಿದೆ, ಮತ್ತೆ ಫೋನ್. ಪ್ರತಿ ಸಲವೂ ಮೊದಲಿನಿಂದ ಓದಬೇಕಾಯಿತು. ಮುಗಿಸಿದಾಗ ಆರು ಗಂಟೆ ಹತ್ತು ನಿಮಿಷ. ಯಾರದೂ ತಪ್ಪಿಲ್ಲ, ಅಷ್ಟು ಜನ ಓಡಾಡುವ ಆಫೀಸಿನಲ್ಲಿ ಇದು ಸಹಜ. ಆದರೆ ಅಂಥದೊಂದು ಬಿಲ್ಲನ್ನು ಗಮನಿಸದೆ ಇಲ್ಲದ ಐಟಿಸಿ ತೆಗೆದುಕೊಂಡು ಬಳಸಿದರೆ ಕ್ಲೈಂಟ್ ವರ್ಷಕ್ಕೆ 18% ಬಡ್ಡಿ ಸೇರಿಸಿ ಕಟ್ಟಬೇಕಾಗುತ್ತದೆ. ಅವರಿಗೆ ಉತ್ತರ ಹೇಳಬೇಕಾದವರು ನಾವು.

ಆ ದಿನದ ನಂತರ ಒಂದು ಡೈರಿಯಲ್ಲಿ ಬರೆದಿಡಲು ಶುರು ಮಾಡಿದೆ. ನಾಲ್ಕು ವಾರಗಳ ಲೆಕ್ಕ ಇದೆ. ವಾರದ ನಡುವಿನ ದಿನಗಳಲ್ಲಿ ಯಾರೂ ತಡೆಯದೆ ಅರ್ಧ ಗಂಟೆ ಸತತವಾಗಿ ಕೂತದ್ದು ದಿನಕ್ಕೆ ಸರಾಸರಿ ಎರಡು ಸಲ. ಗಂಟೆಗೆ ಸುಮಾರು 22 ಬಿಲ್ಲು ತಾಳೆಯಾಗುತ್ತಿತ್ತು. ಅದೇ ಆಫೀಸು, ಅದೇ ಕಂಪ್ಯೂಟರು, ಜನ ಕಡಿಮೆ ಇದ್ದ ಎರಡು ಶನಿವಾರ ಮಧ್ಯಾಹ್ನ ಗಂಟೆಗೆ 35. ಎರಡು ಶನಿವಾರದಿಂದ ಏನೂ ಸಾಬೀತಾಗುವುದಿಲ್ಲ ಎಂದು ನೀವು ಹೇಳುತ್ತೀರಿ, ಅದು ಸರಿಯೇ. ಹಾಗಾಗಿಯೇ ಪ್ರಯೋಗ ಕೇಳುತ್ತಿರುವುದು.

ಇನ್ನು ಪ್ರಯಾಣದ ವಿಷಯ. ಮನೆ ಬಾಗಿಲಿನಿಂದ ನನ್ನ ಮೇಜಿಗೆ ಒಂದು ಗಂಟೆ ಐವತ್ತು ನಿಮಿಷ. ಹೋಗಿ ಬರಲು ಮೂರು ಗಂಟೆ ನಲವತ್ತು. ಡೊಂಬಿವಲಿಯಲ್ಲಿ ಫಾಸ್ಟ್ ಗಾಡಿಯ ಲೇಡೀಸ್ ಡಬ್ಬ ಹತ್ತಲು ಕೆಲವು ದಿನ ಎರಡು ಗಾಡಿ ಬಿಡಬೇಕು. ಇದೆಲ್ಲ ಹನ್ನೊಂದು ವರ್ಷದಿಂದ ಅಭ್ಯಾಸವಾಗಿದೆ, ದೂರು ಹೇಳಿದವಳಲ್ಲ. ಆದರೆ ಕಳೆದ ಸೋಮವಾರ, ಜೂನ್ 9ರಂದು, ಮುಂಬ್ರಾ ಬಳಿ ತುಂಬಿದ ಗಾಡಿಗಳ ಬಾಗಿಲಲ್ಲಿ ನಿಂತಿದ್ದವರು ಹಳಿಗೆ ಬಿದ್ದು ಪ್ರಾಣ ಕಳೆದುಕೊಂಡ ಮೇಲೆ ಮನೆಯಲ್ಲಿ ಎಲ್ಲರೂ ಹೆದರಿದ್ದಾರೆ. ನಾನು ದಿನಾ ಹಾದುಹೋಗುವ ದಾರಿ ಅದು. ಈ ವರ್ಷ ಮಳೆಯೂ ಮೇ 26ಕ್ಕೇ ಮುಂಬಯಿಗೆ ಬಂತು. ಆ ದಿನ ನಾನು ಆಫೀಸು ತಲುಪಿದ್ದು ಹನ್ನೆರಡೂವರೆಗೆ. ಜುಲೈ, ಆಗಸ್ಟ್‌ನಲ್ಲಿ ಕುರ್ಲಾ, ಸಾಯನ್ ಹತ್ತಿರ ಹಳಿಯ ಮೇಲೆ ನೀರು ನಿಂತರೆ ಸೆಂಟ್ರಲ್ ಲೈನ್ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. 2005ರ ಜುಲೈ 26ರಂದು ನೀವೇ ಫೋರ್ಟ್‌ನಿಂದ ಮಾಟುಂಗಾದವರೆಗೆ ನಡೆದು ಹೋದ ಕತೆ ನಮಗೆಲ್ಲ ಹೇಳಿದ್ದೀರಿ.

ಉಳಿದ ಸಮಯವೆಲ್ಲ ಆಫೀಸಿಗೇ ಕೊಡುತ್ತೇನೆ ಎಂದು ಬರೆಯಬಹುದಿತ್ತು, ಅದು ನಿಜವಾಗುವುದಿಲ್ಲ. ಮನೆಯಿಂದ ಕೆಲಸ ಮಾಡುವ ದಿನ 9.45ರ ಬದಲು 9ಕ್ಕೆ ಕೂರುತ್ತೇನೆ, 6.15ಕ್ಕೆ ಏಳುತ್ತೇನೆ. ಅಂದರೆ ದಿನಕ್ಕೆ 45 ನಿಮಿಷ ಆಫೀಸಿಗೆ. ಮಿಕ್ಕದ್ದು ಅತ್ತೆಯವರ ಔಷಧಿಗೆ, ಹತ್ತನೇ ಕ್ಲಾಸಿನ ಮಗನಿಗೆ.

ಎಲ್ಲ ಮಂಗಳವಾರ, ಗುರುವಾರವೂ ನನಗೆ ಬೇಡ. ಈ ಅವಧಿಯಲ್ಲಿ ಅಂಥ 18 ದಿನಗಳಿವೆ. ಅವುಗಳಲ್ಲಿ ಐದು ದಿನ ಆಫೀಸಿಗೇ ಬರುತ್ತೇನೆ: ಜಿಎಸ್‌ಟಿಆರ್-1ರ ಹಿಂದಿನ ದಿನವಾದ ಜುಲೈ 10, ಜುಲೈ 20 ಭಾನುವಾರವಾದ್ದರಿಂದ 3ಬಿ ಗಡಿಬಿಡಿ ಶುರುವಾಗುವ 17, ಟಿಡಿಎಸ್ ರಿಟರ್ನಿನ ಕೊನೆ ದಿನ ಜುಲೈ 31, ಟಿಡಿಎಸ್ ಕಟ್ಟುವ ಆಗಸ್ಟ್ 7, ಮತ್ತು ಆಗಸ್ಟ್ 19. ಉಳಿದ 13 ದಿನ ಮನೆಯಿಂದ. ಸೆಪ್ಟೆಂಬರ್ ಬೇಕೆಂದೇ ಬಿಟ್ಟಿದ್ದೇನೆ. ಆಡಿಟ್ ಇಲ್ಲದವರ ಐಟಿ ರಿಟರ್ನಿನ ಗಡುವು ಈ ಸಲ ಸೆಪ್ಟೆಂಬರ್ 15ಕ್ಕೆ ಹೋಗಿದೆ, ಆಡಿಟ್ ರಿಪೋರ್ಟು 30ಕ್ಕೆ. ಆಗ ಆಫೀಸಿನಲ್ಲಿ ಎಲ್ಲರೂ ಬೇಕು.

ಮನೆಯಿಂದ ಏನು ಮಾಡುತ್ತೇನೆ, ಏನು ಮಾಡುವುದಿಲ್ಲ ಎಂಬುದು ಸ್ಪಷ್ಟವಾಗಿರಬೇಕು. ನಾನು ನೋಡುವ 42 ಜಿಎಸ್‌ಟಿ ಕ್ಲೈಂಟ್‌ಗಳಲ್ಲಿ 16 ಹೋಟೆಲುಗಳು. ಅವರಿಗೆ 5% ದರದಲ್ಲಿ ಐಟಿಸಿ ಸಿಗುವುದಿಲ್ಲ, ತಾಳೆಯ ತಲೆನೋವೂ ಕಡಿಮೆ. ತಲೆ ತಿನ್ನುವುದು ಪಾತ್ರೆ, ಹಾರ್ಡ್‌ವೇರ್, ಮಸಾಲೆ ವ್ಯಾಪಾರದ 26 ಮಂದಿಯದು. ಆ ತಾಳೆ ಕೆಲಸ, ಬ್ಯಾಂಕ್ ಸ್ಟೇಟ್‌ಮೆಂಟ್ ಎಂಟ್ರಿ ನೋಡುವುದು, ನೋಟಿಸಿಗೆ ಉತ್ತರದ ಕರಡು, ಇಷ್ಟು ಮನೆಯಿಂದ. ಫೈಲಿಂಗ್ ಮಾತ್ರ ಆಫೀಸಿನಿಂದಲೇ. ಕಂಪನಿ ಮತ್ತು ಎಲ್ಎಲ್‌ಪಿಯ 11 ಕ್ಲೈಂಟ್‌ಗಳ ಡಿಜಿಟಲ್ ಸಹಿಯ ಟೋಕನ್‌ಗಳು ನನ್ನ ಡ್ರಾಯರಿನ ಸ್ಟೀಲ್ ಡಬ್ಬಿಯಲ್ಲಿವೆ, ಒಂದೊಂದಕ್ಕೂ ಹೆಸರು ಬರೆದು ಬಿಳಿ ಟೇಪು ಸುತ್ತಿದ್ದೇನೆ. ಆ ಡಬ್ಬಿ ಆಫೀಸಿನ ಹೊಸ್ತಿಲು ದಾಟುವುದಿಲ್ಲ. ಮನೆಯಲ್ಲಿರುವ ದಿನಗಳಲ್ಲಿ ಡ್ರಾಯರಿನ ಕೀ ಕಾಮತ್ ಅವರ ಹತ್ತಿರ ಇರುತ್ತದೆ. ಪ್ರೊಪ್ರೈಟರ್‌ಗಳ ಒಟಿಪಿಯನ್ನೂ ಮನೆಯಿಂದ ಕೇಳುವುದಿಲ್ಲ.

2020ರ ಲಾಕ್‌ಡೌನ್ ನಿಮಗೆ ನೆನಪಿದೆ, ನನಗೂ ಇದೆ. ಒಬ್ಬ ಕ್ಲೈಂಟಿಗೆ ಬಂದ ನೋಟಿಸನ್ನು ನಾನು ಒಂಬತ್ತು ದಿನ ನೋಡಿರಲಿಲ್ಲ. ಅವರಿಗೆ ಉತ್ತರ ಕೊಟ್ಟು ತಲೆ ತಗ್ಗಿಸಿದವರು ನೀವು. ಅದನ್ನು ಇವತ್ತಿಗೂ ಮರೆತಿಲ್ಲ. ಆಗ ಬಿಲ್ಲುಗಳು ನನ್ನ ಸ್ವಂತ ಫೋನಿನ ವಾಟ್ಸಾಪ್‌ನಲ್ಲಿ ಬರುತ್ತಿದ್ದವು, ಇವತ್ತು ಯಾರು ಏನು ನೋಡಬೇಕು ಎಂಬ ಪಟ್ಟಿಯೇ ಇರಲಿಲ್ಲ, ಮನೆಯ ಕಂಪ್ಯೂಟರಿನಲ್ಲಿ ಮಗನ ಆನ್‌ಲೈನ್ ಕ್ಲಾಸು. ಈ ಸಲ ಆಫೀಸಿನಲ್ಲಿ ಖಾಲಿ ಇರುವ ಲ್ಯಾಪ್‌ಟಾಪಿನಿಂದ ನನ್ನ ಆಫೀಸ್ ಕಂಪ್ಯೂಟರಿಗೇ ಕನೆಕ್ಟ್ ಆಗಿ ಕೆಲಸ ಮಾಡುತ್ತೇನೆ. ಫೈಲುಗಳು ಇದ್ದಲ್ಲೇ ಇರುತ್ತವೆ, ಮನೆಯಲ್ಲಿ ಪ್ರಿಂಟ್ ತೆಗೆಯುವುದಿಲ್ಲ, ಕ್ಲೈಂಟ್‌ಗಳ ಕಾಗದ ಒಂದೂ ಮನೆಗೆ ಬರುವುದಿಲ್ಲ. ಬೆಳಗ್ಗೆ 9ಕ್ಕೆ ಪೋರ್ಟಲ್‌ನಲ್ಲಿ ನೋಟಿಸ್ ನೋಡಿ, ಆ ದಿನದ ಪಟ್ಟಿಯನ್ನು ನಿಮಗೂ ಕಾಮತ್ ಅವರಿಗೂ ಕಳಿಸುತ್ತೇನೆ. ಸಂಜೆ ಅದೇ ಪಟ್ಟಿಯಲ್ಲಿ ಮುಗಿದದ್ದು, ಉಳಿದದ್ದು ಗುರುತು ಹಾಕಿ ಇನ್ನೊಮ್ಮೆ. ಮನೆಯಲ್ಲಿ ಇನ್ವರ್ಟರ್ ಇದೆ. ಕರೆಂಟ್ ಅಥವಾ ನೆಟ್ ಒಂದು ಗಂಟೆಗಿಂತ ಹೆಚ್ಚು ಹೋದರೆ ಆ ದಿನವನ್ನು ಕೆಟ್ಟ ದಿನವೆಂದೇ ಬರೆಯುತ್ತೇನೆ, ಮರೆಮಾಚುವುದಿಲ್ಲ.

ಫಲಿತಾಂಶ ಅಳೆಯಲು ನಾಲ್ಕು ಲೆಕ್ಕ ಸಾಕು ಎಂದು ನನ್ನ ಅಭಿಪ್ರಾಯ. ಮೊದಲನೆಯದು 3ಬಿ ಕರಡುಗಳು ಪೂರ್ತಿ ಸಿದ್ಧವಾಗುವ ದಿನ. ಮೇ ತಿಂಗಳಲ್ಲಿ ಅದು 19ರ ರಾತ್ರಿಯಾಯಿತು. ಜುಲೈನಲ್ಲಿ 17ರ ಸಂಜೆಗೆ ಮುಗಿಸಬೇಕು. ಆಗಸ್ಟ್‌ನಲ್ಲಿ 15 ರಜೆ, 17 ಭಾನುವಾರ, ಹಾಗಾಗಿ 18ರ ಸಂಜೆ. ಎರಡನೆಯದು ಕಾಮತ್ ಅವರು ಎರಡನೇ ಸಲ ನೋಡುವಾಗ ಸಿಗುವ ತಪ್ಪುಗಳು. ಮೇ ತಿಂಗಳಲ್ಲಿ 42 ರಿಟರ್ನುಗಳಲ್ಲಿ 6 ತಿದ್ದಬೇಕಾಯಿತು, ಅವುಗಳಲ್ಲಿ ನಾಲ್ಕು ಕೊನೆಯ ಎರಡು ದಿನ ಅವಸರದಲ್ಲಿ ಮಾಡಿದವು. ಗುರಿ, ತಿಂಗಳಿಗೆ 3ಕ್ಕಿಂತ ಹೆಚ್ಚಾಗಬಾರದು. ನನ್ನ ಮಟ್ಟಿಗೆ ಇದೇ ನಿಜವಾದ ಪರೀಕ್ಷೆ, ಬೇಗ ಮುಗಿಸಿ ತಪ್ಪು ಮಾಡಿದರೆ ಏನು ಬಂತು. ಮೂರನೆಯದು ಕ್ಲೈಂಟ್‌ಗಳಿಗೆ ಉತ್ತರ: ಮನೆಯಲ್ಲಿರುವ ದಿನ ಬಂದ ಪ್ರತಿ ಪ್ರಶ್ನೆಗೂ ಎರಡು ಗಂಟೆಯೊಳಗೆ. ಈಗಿರುವ ಶೀಟಿನಲ್ಲೇ ಸಮಯ ಬರೆದರೆ ಆಯಿತು.

ನಾಲ್ಕನೆಯದನ್ನು ಅಳೆಯುವವಳು ನಾನಲ್ಲ. ನನ್ನ ಕೈಕೆಳಗಿರುವ ಇಬ್ಬರು ಹೊಸ ಹುಡುಗರು ಪಕ್ಕಕ್ಕೆ ತಿರುಗಿ ಕೇಳಿಯೇ ಕೆಲಸ ಕಲಿಯುತ್ತಿದ್ದಾರೆ. ನಾನೂ ಹಾಗೆಯೇ ಕಲಿತವಳು, ನಿಮ್ಮ ಮೇಜಿನ ಪಕ್ಕ ನಿಂತು. ನಾನು ಎದುರಿಗಿಲ್ಲದ ದಿನ ಅವರು ಕೇಳಲು ಸಂಕೋಚಪಟ್ಟು ಊಹೆಯ ಮೇಲೆ ಎಂಟ್ರಿ ಹಾಕಿದರೆ ಈ ವ್ಯವಸ್ಥೆಗೆ ಅರ್ಥವಿಲ್ಲ. 11ಕ್ಕೂ 4ಕ್ಕೂ ಹದಿನೈದು ನಿಮಿಷ ಅವರ ಜೊತೆ ವೀಡಿಯೊ ಕಾಲ್ ಮಾಡುತ್ತೇನೆ. ನನ್ನ ಉತ್ತರಕ್ಕಾಗಿ ಅರ್ಧ ಗಂಟೆಗಿಂತ ಹೆಚ್ಚು ಕಾದ ಪ್ರಶ್ನೆಗಳನ್ನು ಅವರೇ ಬರೆದು ವಾರದ ಕೊನೆಗೆ ನೇರವಾಗಿ ನಿಮಗೆ ಕೊಡಲಿ, ನನಗೆ ತೋರಿಸುವುದು ಬೇಡ.

ಒಂದೇ ಒಂದು ಗಡುವು ತಪ್ಪಿದರೆ, ಒಂದು ತಿಂಗಳಲ್ಲಿ ತಪ್ಪುಗಳು 6 ದಾಟಿದರೆ, ಅಥವಾ ಯಾವುದಾದರೂ ಕ್ಲೈಂಟ್ ನಿಮಗೆ ದೂರು ಹೇಳಿದರೆ ಮಾರನೆಯ ದಿನದಿಂದಲೇ ಆಫೀಸಿಗೆ ಬರುತ್ತೇನೆ, ವಾದ ಮಾಡುವುದಿಲ್ಲ. ಯಾವುದೇ ಮಂಗಳವಾರ, ಗುರುವಾರ ನಿಮಗೆ ನಾನು ಬೇಕಾದರೆ ಹಿಂದಿನ ಸಂಜೆ ಹೇಳಿದರೆ ಸಾಕು. ಖರ್ಚಿನ ಮಟ್ಟಿಗೆ ಆ ಲ್ಯಾಪ್‌ಟಾಪ್ ಬಿಟ್ಟು ಬೇರೇನೂ ಕೇಳುವುದಿಲ್ಲ, ನೆಟ್ ಬಿಲ್ಲು ನನ್ನದೇ.

ಜುಲೈ 23ಕ್ಕೆ ಮೊದಲ ತಿಂಗಳ ಲೆಕ್ಕವನ್ನೂ, ಸೆಪ್ಟೆಂಬರ್ 1ಕ್ಕೆ ಪೂರ್ತಿ ಲೆಕ್ಕವನ್ನೂ ನಿಮ್ಮ ಮೇಜಿನ ಮೇಲೆ ಇಡುತ್ತೇನೆ. ಈಗ ಬರೆದಿಟ್ಟಿರುವ ಡೈರಿಯ ಪುಟಗಳ ಜೆರಾಕ್ಸನ್ನು ಇದರ ಜೊತೆ ಇಟ್ಟಿದ್ದೇನೆ. ಈ ತಿಂಗಳ 3ಬಿ ಮುಗಿದ ಮೇಲೆ, 23ರ ಸೋಮವಾರ ಸಂಜೆ ನಿಮಗೆ ಬಿಡುವಿದ್ದರೆ ಕೂತು ಮಾತಾಡೋಣ. ಕಾಮತ್ ಅವರೂ ಇರಲಿ, ಅವರ ಕೆಲಸಕ್ಕೂ ಇದು ಸಂಬಂಧಪಟ್ಟದ್ದು. ಕೀ ಇಟ್ಟುಕೊಳ್ಳಲು ಅವರು ಒಪ್ಪಿದ್ದಾರೆ, ಉಳಿದದ್ದು ನೀವು ಹೇಳಿದ ಹಾಗೆ ಎಂದಿದ್ದಾರೆ.

ಇಂತಿ ನಿಮ್ಮ ವಿಶ್ವಾಸಿ,
ಸುಮನಾ
ಜಿಎಸ್‌ಟಿ ವಿಭಾಗ