ಸೈರನ್ ಬಾರಿಸಿದರೆ ಏನು ಮಾಡಬೇಕು: ಕಟ್ಟಡ ಖಾಲಿ ಮಾಡುವ ಕ್ರಮ

ಬೆಳಗಾವಿ ಕಚೇರಿ, ಖಾನಾಪುರ ರಸ್ತೆ, ಟಿಳಕವಾಡಿ. ನೆಲಮಹಡಿ ಮತ್ತು ಮೇಲೆ ನಾಲ್ಕು ಮಹಡಿ.

ಇದು ಕಾಯಂ ನೌಕರರಿಗಷ್ಟೇ ಅಲ್ಲ. ಗುತ್ತಿಗೆಯವರು, ಕ್ಯಾಂಟೀನಿನವರು, ಕಸ ಗುಡಿಸುವವರು, ಕೆಲಸಕ್ಕೆಂದು ಬಂದು ಕೂತ ಹೊರಗಿನವರು, ಎಲ್ಲರಿಗೂ ಅನ್ವಯಿಸುತ್ತದೆ. 1ರಿಂದ 9, ಜೊತೆಗೆ 18 ಮತ್ತು 19 ಎಲ್ಲರಿಗೆ. 10ರಿಂದ 17 ವಾರ್ಡನ್‌ಗಳಿಗೆ. ಹಳದಿ ಜಾಕೆಟ್ ಹಾಕಿದವರೇ ವಾರ್ಡನ್. ಆ ಹೊತ್ತಿನಲ್ಲಿ ಅವರ ಮಾತೇ ಕೊನೆ, ಎದುರಿಗಿರುವವರು ಮ್ಯಾನೇಜರ್ ಆದರೂ ಸರಿ.

ಇಳಿಯಲು ಎರಡು ಮೆಟ್ಟಿಲುಗಳಿವೆ: ಲಿಫ್ಟ್ ಪಕ್ಕದ ಮುಂದಿನ ಮೆಟ್ಟಿಲು, ಕ್ಯಾಂಟೀನ್ ಕಡೆಯ ಹಿಂದಿನ ಮೆಟ್ಟಿಲು. ಸೇರುವ ಜಾಗ ಒಂದೇ: ಕಾಂಪೌಂಡಿನ ಹಿಂಬದಿಯ ಬೈಕ್ ಶೆಡ್.

ಎಲ್ಲರಿಗೆ

1. ಬೆಂಕಿ ಅಥವಾ ಹೊಗೆ ಮೊದಲು ಕಂಡವರು ಮೆಟ್ಟಿಲ ಹತ್ತಿರದ ಕೆಂಪು ಡಬ್ಬಿಯ ಗಾಜು ಒತ್ತಿ. ಯಾರನ್ನೂ ಕೇಳಬೇಡಿ. ಸುಳ್ಳು ಅಲಾರ್ಮ್ ಆಯಿತು ಅಂತ ಯಾರೂ ಬೈಯುವುದಿಲ್ಲ.

2. ತಿಂಗಳ ಮೊದಲ ಸೋಮವಾರ ಬೆಳಿಗ್ಗೆ 11ಕ್ಕೆ ಹತ್ತು ಸೆಕೆಂಡ್ ಸೈರನ್ ಬಾರಿಸುತ್ತೇವೆ, ಅದು ಪರೀಕ್ಷೆ. ಅದಕ್ಕಿಂತ ಜಾಸ್ತಿ ಹೊತ್ತು ಬಾರಿಸಿದರೆ ಪರೀಕ್ಷೆ ಅಲ್ಲ. ಎದ್ದು ಹೊರಡಿ.

3. ಕೈಯಲ್ಲಿದ್ದ ಕೆಲಸ ಹಾಗೇ ಬಿಡಿ. ಮೊಬೈಲ್ ಕೈಯಲ್ಲಿದ್ದರೆ ಇರಲಿ, ಹುಡುಕಬೇಡಿ. ಲ್ಯಾಪ್‌ಟಾಪ್, ಹೆಲ್ಮೆಟ್, ಬುತ್ತಿ ಡಬ್ಬಿ ಯಾವುದೂ ಬೇಡ. ಕಳೆದ ಡ್ರಿಲ್‌ನಲ್ಲಿ ಒಬ್ಬರು ಎರಡನೇ ಮಹಡಿಯವರೆಗೆ ಇಳಿದು, ಡಬ್ಬಿ ನೆನಪಾಗಿ ಮತ್ತೆ ಮೇಲೆ ಹತ್ತಿದರು. ಇಳಿಯುತ್ತಿದ್ದ ಸಾಲೇ ಅವರಿಂದಾಗಿ ನಿಂತುಹೋಯಿತು.

4. ಮುಚ್ಚಿದ ಬಾಗಿಲು ತೆರೆಯುವ ಮುನ್ನ ಕೈಯ ಹಿಂಬದಿಯಿಂದ ಮುಟ್ಟಿ ನೋಡಿ. ಬಿಸಿ ಇದ್ದರೆ ತೆರೆಯಬೇಡಿ, ಇನ್ನೊಂದು ದಾರಿ ಹಿಡಿಯಿರಿ. ಕೊನೆಗೆ ಹೊರಡುವವರು ಬಾಗಿಲು ಎಳೆದು ಮುಚ್ಚಿ, ಆದರೆ ಬೀಗ ಹಾಕಬೇಡಿ.

5. ಲಿಫ್ಟ್ ಬೇಡ. ಟೆರೇಸ್‌ಗೂ ಹೋಗಬೇಡಿ. ಹೊಗೆ ಮೇಲಕ್ಕೇ ಏರುತ್ತದೆ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ಸತ್ತರು. ಹೊಗೆ ತಾಳಲಾರದೆ ಮೇಲಿನಿಂದ ಹಾರಿದವರೂ ಅವರಲ್ಲಿದ್ದರು. ಅದಕ್ಕೇ ಹೇಳುವುದು, ಉರಿ ಕಾಣಲಿ ಅಂತ ಕಾಯಬೇಡಿ. ಹೊಗೆ ಕಂಡರೆ ಸಾಕು, ಇಳಿಯಿರಿ.

6. ದಾರಿಯಲ್ಲಿ ಹೊಗೆ ಇದ್ದರೆ ಬಗ್ಗಿ ಅಥವಾ ತೆವಳಿ, ಗೋಡೆ ಹಿಡಿದು ಹೋಗಿ. ನೆಲದ ಹತ್ತಿರ ಗಾಳಿ ಸ್ವಲ್ಪ ತಿಳಿಯಾಗಿರುತ್ತದೆ. ಎರಡೂ ಮೆಟ್ಟಿಲು ಹೊಗೆಯಿಂದ ತುಂಬಿದ್ದರೆ ರಸ್ತೆ ಕಡೆಯ ಕೋಣೆಗೆ ಹೋಗಿ ಬಾಗಿಲು ಹಾಕಿ. ಸಂದಿಗೆ ಬಟ್ಟೆ ತುರುಕಿ, ನೀರಿದ್ದರೆ ಒದ್ದೆ ಮಾಡಿ. 112ಕ್ಕೆ ಕರೆ ಮಾಡಿ ಯಾವ ಮಹಡಿ, ಯಾವ ಕೋಣೆ ಅಂತ ಹೇಳಿ. ಕಿಟಕಿಯಲ್ಲಿ ನಿಂತು ಬಟ್ಟೆ ಬೀಸಿ.

7. ಸಿಲಿಂಡರ್ ಎತ್ತಿ ಬೆಂಕಿ ಆರಿಸಲೇಬೇಕೆಂದು ಯಾರ ಮೇಲೂ ಒತ್ತಾಯ ಇಲ್ಲ. ಕಸದ ಬುಟ್ಟಿಯಷ್ಟು ಬೆಂಕಿ ಇದ್ದು, ಅಲಾರ್ಮ್ ಆಗಲೇ ಆಗಿದ್ದು, ಓಡಲು ಬಾಗಿಲು ನಿಮ್ಮ ಬೆನ್ನ ಹಿಂದೆ ಇದ್ದರೆ ಮಾತ್ರ ಪ್ರಯತ್ನಿಸಿ. ಪಿನ್ ಎಳೆದು, ಪೈಪನ್ನು ಉರಿಯ ಬುಡಕ್ಕೆ ಹಿಡಿದು, ಹಿಡಿಕೆ ಒತ್ತಿ, ಆ ಕಡೆ ಈ ಕಡೆ ಆಡಿಸಿ. ಸಿಲಿಂಡರ್ ಕೆಲವೇ ಸೆಕೆಂಡುಗಳಲ್ಲಿ ಖಾಲಿಯಾಗುತ್ತದೆ, ಎರಡನೇ ಅವಕಾಶ ಸಿಗುವುದಿಲ್ಲ. ಯುಪಿಎಸ್ ಕೋಣೆ, ಸರ್ವರ್, ಸ್ವಿಚ್ ಬೋರ್ಡ್‌ಗೆ ನೀರು ಹಾಕಲೇಬೇಡಿ, ಕಪ್ಪು ಪಟ್ಟಿಯ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬಳಸಿ.

   ಕ್ಯಾಂಟೀನಿನವರಿಗೆ ಒಂದು ಮಾತು. ಮಿರ್ಚಿ ಕರಿಯುವ ಕಡಾಯಿಗೆ ಬೆಂಕಿ ಹತ್ತಿದರೆ ನೀರು ಎರಚಬೇಡಿ. ಕಾದ ಎಣ್ಣೆಗೆ ನೀರು ಬಿದ್ದರೆ ಉರಿ ಛಾವಣಿ ಮುಟ್ಟುತ್ತದೆ. ಕೈಗೆ ಎಟುಕಿದರೆ ಗ್ಯಾಸ್ ಬಂದ್ ಮಾಡಿ, ದೊಡ್ಡ ತಟ್ಟೆಯನ್ನು ನಿಧಾನಕ್ಕೆ ಕಡಾಯಿ ಮೇಲೆ ಸರಿಸಿ. ಕಡಾಯಿ ಎತ್ತಿಕೊಂಡು ಓಡಬೇಡಿ. ತಟ್ಟೆಯನ್ನು ತಣ್ಣಗಾಗುವವರೆಗೆ ತೆಗೆಯಲೂಬೇಡಿ.

8. ಕೆಳಗೆ ಬಂದವರು ಮುಂದಿನ ಪೋರ್ಟಿಕೊದಲ್ಲಿ ನಿಲ್ಲಬೇಡಿ. ಜುಲೈ ಡ್ರಿಲ್ ದಿನ ನಮ್ಮೂರ ಮಳೆ ಜೋರಾಗಿತ್ತು, ಅರ್ಧ ಮಂದಿ ಅಲ್ಲೇ ಗುಂಪುಗೂಡಿದರು. ಮೇಲಿನ ಗಾಜು ಒಡೆದರೆ ಬೀಳುವುದೂ ಅಲ್ಲೇ, ಅಗ್ನಿಶಾಮಕ ಗಾಡಿ ಬಂದು ನಿಲ್ಲುವುದೂ ಅಲ್ಲೇ. ಶೆಡ್‌ಗೆ ತಗಡಿನ ಮಾಡು ಇದೆ, ಅಲ್ಲಿಯವರೆಗೆ ನೆನೆದುಕೊಂಡೇ ಬನ್ನಿ.

9. ಶೆಡ್‌ನಲ್ಲಿ ನಿಮ್ಮ ಮಹಡಿಯ ಬೋರ್ಡ್ ಕೆಳಗೆ ನಿಂತು, ಹೆಸರಿಗೆ ಗುರುತು ಹಾಕಿಸಿಕೊಳ್ಳಿ. ಹೇಗೂ ಹೊರಗೆ ಬಂದಾಯ್ತಲ್ಲ ಅಂತ ಚಹಾ ಕುಡಿಯಲು ಹೋಗಬೇಡಿ, ಬೈಕ್ ತೆಗೆದು ಮನೆಗೂ ಹೊರಡಬೇಡಿ. ನಿಮ್ಮ ಹೆಸರಿನ ಮುಂದೆ ಗುರುತಿಲ್ಲದಿದ್ದರೆ ಅಗ್ನಿಶಾಮಕದವರು ನಿಮ್ಮನ್ನು ಹುಡುಕಲು ಹೊಗೆಯೊಳಗೆ ಹೋಗುತ್ತಾರೆ. ನೀವು ರಸ್ತೆಯಾಚೆ ಗ್ಲಾಸ್ ಹಿಡಿದು ನಿಂತಿರುತ್ತೀರಿ.

ವಾರ್ಡನ್‌ಗಳಿಗೆ

10. ಪ್ರತಿ ಮಹಡಿಗೆ ಒಬ್ಬ ವಾರ್ಡನ್, ಒಬ್ಬ ಬದಲಿ. ಇಬ್ಬರೂ ಒಂದೇ ದಿನ ರಜೆ ಹಾಕುವಂತಿಲ್ಲ. ಬೇರೆ ದಾರಿಯೇ ಇಲ್ಲದಿದ್ದರೆ ಹಿಂದಿನ ದಿನವೇ ಮುಖ್ಯ ವಾರ್ಡನ್‌ಗೆ ತಿಳಿಸಿ, ಅವರು ಇನ್ನೊಬ್ಬರನ್ನು ನಿಲ್ಲಿಸುತ್ತಾರೆ.

11. ಸೈರನ್ ಬಾರಿಸಿದ ಕೂಡಲೇ ಜಾಕೆಟ್ ಹಾಕಿ, ಟಾರ್ಚ್ ಮತ್ತು ಹೆಸರಿನ ಪಟ್ಟಿ ತೆಗೆದುಕೊಳ್ಳಿ. ಜೋರಾಗಿ ಕೂಗಿ: "ಎಲ್ಲರೂ ಹೊರಗೆ ನಡೆಯಿರಿ!" ಅದರ ಬೆನ್ನಿಗೇ ಮರಾಠಿಯಲ್ಲೂ: "ಬಾಹೇರ್ ಚಲಾ!" ಏನಾಯಿತು ಎಂದು ವಿವರಿಸುತ್ತ ನಿಲ್ಲಬೇಡಿ.

12. ಮಹಡಿಯನ್ನು ಒಂದೇ ಸುತ್ತು ಹಾಕಿ, ದೂರದ ಮೂಲೆಯಿಂದ ಮೆಟ್ಟಿಲ ಕಡೆಗೆ. ಶೌಚಾಲಯ, ಮೀಟಿಂಗ್ ಕೋಣೆ, ರೆಕಾರ್ಡ್ ಕೋಣೆ ತಪ್ಪಿಸಬೇಡಿ. ಕಿವಿಗೆ ಹೆಡ್‌ಫೋನ್ ಹಾಕಿದವರ ಭುಜ ತಟ್ಟಿ. ನೋಡಿ ಮುಗಿದ ಕೋಣೆಯ ಬಾಗಿಲು ಮುಚ್ಚಿ ಕೆಂಪು ಸ್ಟಿಕ್ಕರ್ ಅಂಟಿಸಿ. ಹೊಗೆ ತುಂಬಿದ ಕೋಣೆಯೊಳಗೆ ಹೋಗಬೇಡಿ, ಯಾವ ಕೋಣೆ ಎಂದು ನೆನಪಿಟ್ಟುಕೊಂಡರೆ ಸಾಕು.

13. ಮೆಟ್ಟಿಲಿಳಿಯಲು ಆಗದವರಿಗೆ ಇಬ್ಬರು ಜೊತೆಗಾರರನ್ನು ಮೊದಲೇ ಗೊತ್ತು ಮಾಡಿದೆ. ಗಾಲಿಕುರ್ಚಿ ಬಳಸುವವರು, ತುಂಬು ಬಸುರಿಯರು, ಮಂಡಿ ನೋವಿನವರು, ಕಾಲಿಗೆ ಪ್ಲಾಸ್ಟರ್ ಹಾಕಿದವರು ಎಲ್ಲರೂ ಇದರಲ್ಲಿ ಸೇರುತ್ತಾರೆ. ಅವರನ್ನು ಹಿಂದಿನ ಮೆಟ್ಟಿಲಿನ ಬೆಂಕಿ ತಡೆ ಬಾಗಿಲ ಒಳಗಡೆ ನಿಲ್ಲಿಸಿ, ಜನ ಇಳಿದ ಮೇಲೆ ಅಲ್ಲಿ ತೂಗುಹಾಕಿರುವ ಇಳಿಸುವ ಕುರ್ಚಿಯಲ್ಲಿ ಕೆಳಗೆ ತನ್ನಿ. ಹೇಗೆ ಹಿಡಿದರೆ ಅನುಕೂಲ ಎಂದು ಮೊದಲು ಅವರನ್ನೇ ಕೇಳಿ. ಅಲ್ಲೂ ಹೊಗೆ ಬಂದರೆ ಕಾಯಬೇಡಿ, ಆಗಲೇ ಹೊರಡಿ. ಹೊರಡಲು ಆಗದಿದ್ದರೆ ಒಬ್ಬ ಜೊತೆಗಾರ ಅವರ ಬಳಿ ಇರಲಿ, ಇನ್ನೊಬ್ಬ ಕೆಳಗೆ ಬಂದು ಜಾಗ ತಿಳಿಸಲಿ.

14. ನೆಲಮಹಡಿ ವಾರ್ಡನ್ 112ಕ್ಕೆ ಕರೆ ಮಾಡಬೇಕು (ಅಗ್ನಿಶಾಮಕದ ನೇರ ಸಂಖ್ಯೆ 101, ಆಂಬುಲೆನ್ಸ್ 108). ಹೇಳಬೇಕಾದ್ದು ಇಷ್ಟು: "ಬೆಳಗಾವಿ, ಟಿಳಕವಾಡಿ, ಖಾನಾಪುರ ರಸ್ತೆಯ ಐದು ಅಂತಸ್ತಿನ ಕಚೇರಿ. ಇಂಥ ಮಹಡಿಯಲ್ಲಿ ಬೆಂಕಿ. ಒಳಗೆ ಇಷ್ಟು ಮಂದಿ ಇರಬಹುದು." ಅತ್ತ ಕಡೆಯವರು ಸಾಕು ಅನ್ನುವವರೆಗೆ ಫೋನ್ ಇಡಬೇಡಿ.

15. ವಾಚ್‌ಮನ್ ಎರಡೂ ಗೇಟ್ ಪೂರ್ತಿ ತೆರೆಯಬೇಕು. ಒಬ್ಬರು ರಸ್ತೆಗೆ ಹೋಗಿ ಗಾಡಿಗೆ ಕೈ ತೋರಿಸಬೇಕು. ಸಂದರ್ಶಕರ ರಿಜಿಸ್ಟರ್ ಶೆಡ್‌ಗೆ ಬರಬೇಕು. ಅದಿಲ್ಲದೆ ಹೊರಗಿನವರ ಲೆಕ್ಕ ಸಿಗುವುದಿಲ್ಲ.

16. ಕರೆಂಟ್, ಗ್ಯಾಸ್ ಮುಖ್ಯ ವಾಲ್ವ್, ಜನರೇಟರ್ ಬಂದ್ ಮಾಡುವುದು ಎಲೆಕ್ಟ್ರಿಷಿಯನ್ ಕೆಲಸ. ದಾರಿಯಲ್ಲಿ ಹೊಗೆ ಇದ್ದರೆ ಅದನ್ನೂ ಬಿಟ್ಟು ಹೊರಬರಬೇಕು.

17. ಶೆಡ್‌ನಲ್ಲಿ ಪಟ್ಟಿ ಓದಿ, ಮುಖ ನೋಡಿ ಗುರುತು ಹಾಕಿ. "ಅವರು ಬಂದಿದ್ದಾರೆ, ನಾನು ನೋಡಿದೆ" ಅನ್ನುವ ಮಾತಿಗೆ ಗುರುತು ಹಾಕಬೇಡಿ. ಮುಖ್ಯ ವಾರ್ಡನ್‌ಗೆ ಎರಡರಲ್ಲಿ ಒಂದು ವರದಿ ಕೊಡಿ: "ಮೂರನೇ ಮಹಡಿ ಖಾಲಿ" ಅಥವಾ "ಮೂರನೇ ಮಹಡಿ, ಒಬ್ಬರಿಲ್ಲ, ಕೊನೆಗೆ ಕಂಡದ್ದು ರೆಕಾರ್ಡ್ ಕೋಣೆಯಲ್ಲಿ." ಬಹುಶಃ, ಇರಬಹುದು ಬೇಡ. ಕಾಣೆಯಾದವರನ್ನು ಹುಡುಕಲು ನೀವು ಒಳಗೆ ಹೋಗುವಂತಿಲ್ಲ, ಗೆಳೆಯರೇ ಆಗಿದ್ದರೂ.

ಭೂಕಂಪವಾದರೆ

18. ನೆಲ ಅಲುಗುವಾಗ ಮೆಟ್ಟಿಲಿಗೆ ಓಡಬೇಡಿ. ಮೇಜಿನ ಕೆಳಗೆ ಕೂತು, ತಲೆ ಮುಚ್ಚಿಕೊಂಡು, ಮೇಜಿನ ಕಾಲು ಹಿಡಿದುಕೊಳ್ಳಿ. ಅಲುಗಾಟ ನಿಂತ ಮೇಲೆ, ಮೇಲೆ ಹೇಳಿದಂತೆಯೇ ಇಳಿಯಿರಿ. ಆದರೆ ಶೆಡ್ ಒಳಗೆ ಬೇಡ, ಅದರ ಮುಂದಿನ ಬಯಲಲ್ಲಿ ನಿಲ್ಲಿ.

ಮತ್ತೆ ಒಳಗೆ ಹೋಗುವುದು

19. ಸೈರನ್ ನಿಂತರೆ ಒಳಗೆ ಹೋಗಬಹುದು ಅಂತ ಅರ್ಥ ಅಲ್ಲ. ಅಗ್ನಿಶಾಮಕ ಅಧಿಕಾರಿ ಒಪ್ಪಿದ ಮೇಲೆ ಮುಖ್ಯ ವಾರ್ಡನ್ ಹಸಿರು ಬಾವುಟ ಎತ್ತುತ್ತಾರೆ. ಆಗ ನೆಲಮಹಡಿಯವರು ಮೊದಲು, ನಾಲ್ಕನೆಯವರು ಕೊನೆಗೆ. ಲಿಫ್ಟನ್ನು ಮೆಕ್ಯಾನಿಕ್ ನೋಡುವವರೆಗೆ ಯಾರೂ ಹತ್ತಬೇಡಿ.